ಒಂದು ಲಾರಿ, ಅರವತ್ತು ಮನೆ: ನೆರೆ ಪರಿಹಾರದ ಪತ್ರ ಬರೆಯುವ ಮುನ್ನ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನವಿಲುತೀರ್ಥದಿಂದ ಕೆಳಗೆ ರಾಮದುರ್ಗ, ಕೊಣ್ಣೂರು, ಹೊಳೆಆಲೂರು, ಪಟ್ಟದಕಲ್ಲಿನವರೆಗೆ ದಂಡೆಯ ಊರುಗಳಿಗೆ ನೀರು ನುಗ್ಗಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಸಹಾಯ ಸಂಗ್ರಹಕ್ಕೆ ಮೇಜು ಹಾಕಿದವರಿಗೆ ಲೆಕ್ಕವಿಲ್ಲ. ಇಂಥ ಕೆಲಸಗಳೆಲ್ಲ ಒಂದು ಪತ್ರದಿಂದ ಶುರುವಾಗುತ್ತವೆ. ಯಾರೋ ಒಬ್ಬರು ರಾತ್ರಿ ಕೂತು ಗೊತ್ತಿರುವವರಿಗೆಲ್ಲ ಇಮೇಲ್ ಕಳಿಸುತ್ತಾರೆ: ನೆರೆ ಬಂದಿದೆ, ಕೈಲಾದದ್ದು ತನ್ನಿ, ಶನಿವಾರ ಬನ್ನಿ. ಮುಂದಿನ ಹತ್ತು ದಿನ ಆ ತಂಡ ಪಡುವ ಪಾಡು ಬಹುಪಾಲು ಈ ಮೂರು ಮಾತುಗಳಲ್ಲೇ ಅಡಗಿರುತ್ತದೆ. ‘ಕೈಲಾದದ್ದು’ ಅಂದರೆ ಹಳೆಯ ಬಟ್ಟೆ, ಅರ್ಧ ಖಾಲಿಯಾದ ಟಾನಿಕ್ ಬಾಟಲಿ, ಅವಧಿ ಮುಗಿಯಲು ನಾಲ್ಕು ದಿನ ಉಳಿದಿರುವ ಬ್ರೆಡ್ಡು.

ಪತ್ರ ಬರೆಯುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ಲಾರಿ ಊರು ಮುಟ್ಟುವ ದಿನ ಆ ಜನ ಎಲ್ಲಿರುತ್ತಾರೆ?

ನೀರು ಏರಿದ ದಿನಗಳಲ್ಲಿ ಅವರು ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಇರುತ್ತಾರೆ. ಜನ ಗಂಜಿ ಕೇಂದ್ರ ಅನ್ನುತ್ತಾರೆ, ಸರ್ಕಾರ ಈಗ ಕಾಳಜಿ ಕೇಂದ್ರ ಎಂದು ಕರೆಯುತ್ತದೆ. ಅಲ್ಲಿ ಒಲೆ ಒಂದೇ, ಅಡುಗೆ ಎಲ್ಲರಿಗೂ ಸೇರಿಸಿ ಆಗುತ್ತದೆ. ಆ ಹೊತ್ತಿನಲ್ಲಿ ಒಂದು ಕುಟುಂಬಕ್ಕೆ ಹತ್ತು ಕಿಲೋ ಅಕ್ಕಿ ಕೊಟ್ಟರೆ ಅವರು ಅದನ್ನು ತಲೆದಿಂಬು ಮಾಡಿಕೊಂಡು ಕಾಯಬೇಕಷ್ಟೆ. ಅಗತ್ಯ ಬೀಳುವುದು ನೀರು ಇಳಿದ ಮೇಲೆ. ಕೇಂದ್ರ ಮುಚ್ಚುತ್ತದೆ, ಜನ ಮನೆಗೆ ಮರಳುತ್ತಾರೆ, ಬಾಗಿಲು ತೆಗೆದರೆ ಒಳಗೆ ಮೊಣಕಾಲುದ್ದ ರಾಡಿ. ಜೋಳದ ಚೀಲ ಮೊಳೆತಿರುತ್ತದೆ, ಕೌದಿಗಳು ನಾರುತ್ತಿರುತ್ತವೆ, ಬೀಸುವ ಗಿರಣಿಗೆ ಕರೆಂಟ್ ಇರುವುದಿಲ್ಲ. ಅದೇ ವಾರ ಟಿವಿ ಕ್ಯಾಮೆರಾಗಳೂ ಪೇಟೆಯ ಲಾರಿಗಳೂ ಬೇರೆ ಕಡೆ ಹೊರಟಿರುತ್ತವೆ. ಹಾಗಾಗಿ ದೂರದ ಊರಿನ ಸಣ್ಣ ತಂಡಕ್ಕೆ ಹೇಳಿ ಮಾಡಿಸಿದ ಕೆಲಸ ಈ ಮರಳುವ ವಾರದ್ದು. ನೀರಿನ ದಿನಗಳ ಊಟದ ಹೊಣೆಯನ್ನು ಹತ್ತಿರದ ಊರಿನವರು, ಮಠಗಳು, ತಾಲೂಕು ಆಡಳಿತ ನಮಗಿಂತ ಬೇಗ, ನಮಗಿಂತ ಚೆನ್ನಾಗಿ ಹೊರುತ್ತವೆ.

ಇಷ್ಟು ತೀರ್ಮಾನವಾದರೆ ಚೀಲದಲ್ಲಿ ಏನಿರಬೇಕೆಂಬುದು ತಾನಾಗಿ ಹೊರಬೀಳುತ್ತದೆ. ಐದು ಜನರ ಮನೆಗೆ ಏಳು ದಿನದ ಆಹಾರ ಎಂದಿಟ್ಟುಕೊಳ್ಳೋಣ. ಪರಿಹಾರ ಕಾರ್ಯದಲ್ಲಿ ಜಗತ್ತಿನೆಲ್ಲೆಡೆ ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ 2,100 ಕಿಲೋಕ್ಯಾಲೊರಿ ಬೇಕು. ಐದು ಜನ, ಏಳು ದಿನ, ಒಟ್ಟು 73,500. ಅಕ್ಕಿ 10 ಕಿಲೋ, ಜೋಳದ ಹಿಟ್ಟು 5 ಕಿಲೋ, ತೊಗರಿಬೇಳೆ 2 ಕಿಲೋ, ರವೆ 1 ಕಿಲೋ, ಬೆಲ್ಲ 1 ಕಿಲೋ, ಎಣ್ಣೆ 1 ಲೀಟರ್ ಹಾಕಿದರೆ ಸುಮಾರು 74,000 ಆಗುತ್ತದೆ. ಇದಕ್ಕೆ ಉಪ್ಪು ಒಂದು ಕಿಲೋ, ಖಾರದ ಪುಡಿ ಮತ್ತು ಚಹಾಪುಡಿ ಕಾಲು ಕಿಲೋ ಒಂದೊಂದು, ಅರಿಶಿನ 100 ಗ್ರಾಂ. ತೂಕ ಹೆಚ್ಚುಕಡಿಮೆ ಇಪ್ಪತ್ತೊಂದೂವರೆ ಕಿಲೋ. ಕೆಸರಿನಲ್ಲಿ ಒಬ್ಬರು ಹೆಗಲ ಮೇಲೆ ಹೊತ್ತು ನಡೆಯಬಹುದಾದ ಭಾರ ಇದಕ್ಕಿಂತ ಹೆಚ್ಚಿಲ್ಲ.

ಜೋಳದ ಹಿಟ್ಟಿಗೆ ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಗೋಧಿ ಹಿಟ್ಟು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದಲ್ಲ ಎನ್ನುತ್ತಾರೆ. ಆದರೆ ರೊಟ್ಟಿ ತಿನ್ನುವ ಮನೆಗೆ ರೊಟ್ಟಿಯ ಹಿಟ್ಟೇ ಹೋಗಬೇಕು. ನೂಡಲ್ಸ್ ಪೊಟ್ಟಣಗಳನ್ನು ಅಜ್ಜಿಯಂದಿರು ಮೊಮ್ಮಕ್ಕಳಿಗೆ ದಾಟಿಸಿ ಸುಮ್ಮನಾಗುತ್ತಾರೆ. ಜೋಳದ ಹಿಟ್ಟಿಗೆ ಒಂದು ದೋಷವಿದೆ. ಬೀಸಿ ಬಹಳ ದಿನವಾದರೆ ಕಹಿಯಾಗುತ್ತದೆ, ಪಸೆ ತಗುಲಿದರೆ ಇನ್ನೂ ಬೇಗ. ಲಾರಿ ಹೊರಡುವ ಹಿಂದಿನ ದಿನ ಬೀಸಿಸಿ, ತಣಿದ ಮೇಲೆ ದಪ್ಪ ಪಾಲಿಥಿನ್ ಚೀಲದಲ್ಲಿ ಕಟ್ಟಬೇಕು. ಬಿಸಿ ಹಿಟ್ಟು ಕಟ್ಟಿದರೆ ಚೀಲದ ಒಳಗೋಡೆಯಲ್ಲಿ ಬೆವರು ಮೂಡುತ್ತದೆ. ಮಾರನೆಯ ಬೆಳಿಗ್ಗೆ ಕಟ್ಟು ಹಿಡಿದು ನೋಡಿದರೆ ಒಳಗೆ ಮಂಜು ಕಟ್ಟಿದಂತೆ ಕಾಣುವುದು ಅದೇ. ಅಂಥದ್ದನ್ನು ಬಿಚ್ಚಿ ಆರಿಸದೆ ಕಳಿಸಬಾರದು.

ಎರಡನೆಯದು ಮನೆಬಳಕೆಯ ಸಾಮಾನು. ಇದನ್ನು ಚೀಲದ ಬದಲು ಮುಚ್ಚಳವಿರುವ ಬಕೆಟ್‌ನಲ್ಲಿ ತುಂಬುವುದು ಜಾಣತನ. ಸಾಮಾನು ಖಾಲಿಯಾದ ಮೇಲೆ ಬಕೆಟ್ಟೇ ಕುಡಿಯುವ ನೀರು ಮುಚ್ಚಿಡುವ ಪಾತ್ರೆಯಾಗುತ್ತದೆ. ಒಳಗೆ ಒಂದು ತಾಡಪತ್ರಿ, ಹಗ್ಗ, ಎರಡು ಚಾದರ, ಎರಡು ಟವೆಲ್, ಟಾರ್ಚು, ಮೇಣದಬತ್ತಿ, ಪಾಲಿಥಿನ್‌ನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಎರಡು ಪ್ಯಾಕೆಟ್ ಸ್ಯಾನಿಟರಿ ಪ್ಯಾಡು, ಸೋಪು. ಸೋಪಿನ ಲೆಕ್ಕ ತುಸು ಬಿಡಿಸಬೇಕು. ಮಾನದಂಡದಲ್ಲಿ ಒಬ್ಬರಿಗೆ ತಿಂಗಳಿಗೆ ಸ್ನಾನಕ್ಕೆ 250 ಗ್ರಾಂ, ಬಟ್ಟೆಗೆ 200 ಗ್ರಾಂ ಇದೆ. ಐದು ಜನರ ಒಂದು ವಾರಕ್ಕೆ ಸ್ನಾನದ ಸೋಪು ಮೂರು ಬಿಲ್ಲೆ ಸಾಕು, ನಾಲ್ಕು ಹಾಕಿ. ಬಟ್ಟೆ ಸೋಪು ಮಾತ್ರ ಲೆಕ್ಕ ಮೀರಿ ಒಂದು ಕಿಲೋ ಬೇಕು, ಯಾಕೆಂದರೆ ಆ ವಾರ ಒಗೆಯುವುದು ಮನೆಯಲ್ಲಿರುವ ಅಷ್ಟೂ ಬಟ್ಟೆ. ಈ ಬಕೆಟ್ಟು ಎಂಟು ಕಿಲೋ ಆಸುಪಾಸು ತೂಗುತ್ತದೆ.

ಮೂರನೆಯದು ರಾಡಿ ತೆಗೆಯುವ ಸಲಕರಣೆ. ಮನೆಗೊಂದರಂತೆ ಕೊಡುವ ಅಗತ್ಯವಿಲ್ಲ. ಹತ್ತು ಮನೆಗೊಂದು ಕಟ್ಟು ಸಾಕು: ಎರಡು ಸಲಿಕೆ, ಎರಡು ಬುಟ್ಟಿ, ನಾಲ್ಕು ಉದ್ದ ಹಿಡಿಯ ಕಸಬರಿಗೆ, ರಬ್ಬರ್ ಗ್ಲೌಸು, ಗಮ್‌ಬೂಟು, ಬ್ಲೀಚಿಂಗ್ ಪೌಡರ್, ಫಿನಾಯಿಲ್. ಗಮ್‌ಬೂಟು ಶೋಕಿಯ ವಸ್ತುವಲ್ಲ. ರಾಡಿಯೊಳಗೆ ಮೊಳೆ, ಒಡೆದ ಗಾಜು, ಹಾವು ಇರುತ್ತವೆ, ಇಲಿ ಜ್ವರ ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಬರುತ್ತದೆ.

ಹೀಗೆ ಒಂದು ಮನೆಯ ಪಾಲು ಸುಮಾರು ಮೂವತ್ತು ಕಿಲೋ. ಎರಡು ಟನ್ ಹೊರುವ ಸಣ್ಣ ಲಾರಿಯಲ್ಲಿ ಅರವತ್ತು ಮನೆಯ ಪಾಲು, ಅಂದರೆ 1,800 ಕಿಲೋ, ಮೇಲೆ ಆರು ಸಲಕರಣೆ ಕಟ್ಟು ಹಿಡಿಯುತ್ತವೆ. ಪತ್ರದ ಬೆನ್ನೆಲುಬು ಈ ಅರವತ್ತು. ಮುನ್ನೂರು ಮನೆಯ ಊರಿಗೆ ಅರವತ್ತು ಚೀಲ ಒಯ್ದರೆ ಲಾರಿಯ ಹಿಂದೆ ನೂಕುನುಗ್ಗಲಾಗುತ್ತದೆ. ಗಟ್ಟಿ ರಟ್ಟೆಯ ಗಂಡಸರು ಎರಡೆರಡು ಹೊತ್ತೊಯ್ಯುತ್ತಾರೆ, ಕೂಸು ಎತ್ತಿಕೊಂಡವರು ಬರಿಗೈಯಲ್ಲಿ ಉಳಿಯುತ್ತಾರೆ. ಅರವತ್ತಕ್ಕಿಂತ ಕಡಿಮೆ ಮನೆಯಿರುವ ಒಂದು ಓಣಿಯನ್ನೋ ಸಣ್ಣ ಹಳ್ಳಿಯನ್ನೋ ಆರಿಸಿಕೊಂಡು ಅಲ್ಲಿ ಒಂದು ಮನೆಯನ್ನೂ ಬಿಡದೆ ಕೊಡುವುದು ಮೇಲು. ಮನೆಗಳ ಎಣಿಕೆಯನ್ನು ಫೇಸ್‌ಬುಕ್ಕಿನಲ್ಲಿ ಕೇಳಬಾರದು. ಪಂಚಾಯ್ತಿಯ ಪಿಡಿಒ ಅಥವಾ ಗ್ರಾಮ ಆಡಳಿತ ಅಧಿಕಾರಿಯಿಂದ ಪಟ್ಟಿ ತರಿಸಿ, ಆಶಾ ಕಾರ್ಯಕರ್ತೆಯಿಂದ ತಿದ್ದಿಸಬೇಕು. ಒಂದೇ ಸೂರಿನಡಿ ಎರಡು ಒಲೆ ಇರುವ ಮನೆ ಯಾವುದು, ಬಾಣಂತಿ ಎಲ್ಲಿದ್ದಾರೆ, ಊರ ಹೊರಗಿನ ಗುಡಿಸಲುಗಳು ಪಟ್ಟಿಯಿಂದ ಬಿಟ್ಟುಹೋಗಿವೆಯೇ ಎಂಬುದು ಅವರಿಗೇ ಗೊತ್ತು. ತಹಶೀಲ್ದಾರರ ಕಚೇರಿಯಿಂದ ಅಕ್ಕಿ ಹಂಚಿಕೆ ಆಗುತ್ತಿದೆಯೇ ಎಂದೂ ಇದೇ ಕರೆಯಲ್ಲಿ ವಿಚಾರಿಸಿಕೊಳ್ಳಬಹುದು. ಆಗಿದ್ದರೆ ನಮ್ಮ ಅಕ್ಕಿಯನ್ನು ಐದು ಕಿಲೋಗೆ ಇಳಿಸಿ ಬೇಳೆ, ಎಣ್ಣೆ ಏರಿಸುವುದು.

ಇನ್ನು ತರಬಾರದವು. ಪತ್ರದ ಅತಿ ಮುಖ್ಯ ಸಾಲು ಇದೇ. ಬರೆಯುವವರು ಸಂಕೋಚಪಟ್ಟು ಕೊನೆಗೆ ತಳ್ಳುವುದೂ ಇದನ್ನೇ.

ಹಳೆಯ ಬಟ್ಟೆ ಮೊದಲನೆಯದು. 2004ರ ಸುನಾಮಿಯ ನಂತರ ನಾಗಪಟ್ಟಿಣದ ಕಡೆ ರಸ್ತೆ ಬದಿಯಲ್ಲಿ ಹಳೆಯ ಬಟ್ಟೆ ರಾಶಿ ಬಿದ್ದು ಮಳೆಯಲ್ಲಿ ನೆನೆದು ಕೊಳೆತಿತ್ತು. ಮನೆ ಕಳೆದುಕೊಂಡ ಮೀನುಗಾರರು ಅದನ್ನು ಮುಟ್ಟಲಿಲ್ಲ. ಮೊನ್ನೆಯವರೆಗೆ ತಮ್ಮ ದುಡಿಮೆಯ ಬಟ್ಟೆ ಉಟ್ಟವರು ಅವರು. ಬಟ್ಟೆಯಲ್ಲಿ ಇನ್ನೊಂದು ತಾಪತ್ರಯವೂ ಇದೆ. ಅದನ್ನು ಬೇರ್ಪಡಿಸಲು ಬೇಕಾಗುವಷ್ಟು ಕೈಗಳು ಬೇರೆ ಯಾವ ವಸ್ತುವಿಗೂ ಬೇಕಾಗುವುದಿಲ್ಲ. ಬಟ್ಟೆ ಬೇಡ ಎಂಬ ಒಂದು ಸಾಲು ಸಂಗ್ರಹ ಕೇಂದ್ರದ ಅರ್ಧ ಸ್ವಯಂಸೇವಕರನ್ನು ಉಳಿಸುತ್ತದೆ. ಹೊಸ ಒಳ ಉಡುಪು, ಹೊಸ ಲುಂಗಿ, ನೈಟಿ ಬೇಕಾದರೆ ಅಳತೆ ಕೇಳಿ ಕೊಳ್ಳಬಹುದು.

ನೀರಿನ ಬಾಟಲಿ ಎರಡನೆಯದು. ಕುಡಿಯಲು ಮಾತ್ರ ಎಂದು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಹಿಡಿದರೂ ಐದು ಜನರ ಮನೆಗೆ ವಾರಕ್ಕೆ 105 ಲೀಟರ್ ಆಯಿತು, ಅರವತ್ತು ಮನೆಗೆ 6,300. ಅಡುಗೆ, ತೊಳೆಯುವುದು ಸೇರಿ ದಿನಕ್ಕೆ ತಲಾ 15 ಲೀಟರ್ ಎಂಬ ಮಾನದಂಡ ಹಿಡಿದರೆ 31,500. ನಮ್ಮ ಎರಡು ಟನ್ ಲಾರಿ ಹದಿನಾರು ಸಲ ಓಡಬೇಕು. ಆ ಹಣಕ್ಕೆ ಪಕ್ಕದ ಊರಿನ ಕೊಳವೆಬಾವಿಯಿಂದ ಟ್ಯಾಂಕರ್ ಹೊಡೆಸಿದರೆ ಊರೆಲ್ಲ ಕುಡಿಯುತ್ತದೆ. ಕ್ಲೋರಿನ್ ಮಾತ್ರೆಗಳು ಆರೋಗ್ಯ ಇಲಾಖೆಯಿಂದ ಸಿಗುತ್ತವೆ. ಯಾವ ಮಾತ್ರೆ ಎಷ್ಟು ಲೀಟರಿಗೆ ಎಂಬುದು ಒಂದೊಂದು ಪೊಟ್ಟಣದಲ್ಲಿ ಒಂದೊಂದು ರೀತಿ ಇರುವುದರಿಂದ ಅವನ್ನು ನಾವು ಬೆರೆಸಿ ಹಂಚುವುದು ಬೇಡ.

ಹಾಲಿನ ಪುಡಿ, ಹಾಲೂಡಿಸುವ ಬಾಟಲಿ ಮೂರನೆಯದು. ಇಲ್ಲಿ ಎಲ್ಲರ ಮನಸ್ಸೂ ಕರಗುತ್ತದೆ, ತಪ್ಪೂ ಇಲ್ಲೇ ಆಗುತ್ತದೆ. ಕಲುಷಿತ ನೀರಿನಲ್ಲಿ ಕಲಸಿದ ಶಿಶು ಆಹಾರ ಮಗುವಿಗೆ ಭೇದಿ ತರುತ್ತದೆ. ನಾಲ್ಕು ದಿನ ಬಾಟಲಿ ಹಿಡಿದ ಕೂಸಿಗೆ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಅಲ್ಲದೆ ತಾಯಿಹಾಲಿನ ಬದಲಿ ಆಹಾರ ಮತ್ತು ಬಾಟಲಿಗಳನ್ನು ದಾನವಾಗಿ ಹಂಚುವುದನ್ನು 1992ರ ಕೇಂದ್ರ ಕಾಯ್ದೆ ಅನಾಥಾಲಯಗಳನ್ನು ಬಿಟ್ಟು ಬೇರೆಡೆ ತಡೆಯುತ್ತದೆ. ನಿಜಕ್ಕೂ ಅಗತ್ಯವಿರುವ ಕೂಸಿಗೆ ವೈದ್ಯರು ನೋಡಿ ಬರೆದುಕೊಡುತ್ತಾರೆ. ಔಷಧಿಗೂ ಇದೇ ಮಾತು. ಓಆರ್‌ಎಸ್ ಒಂದನ್ನು ಸ್ವೀಕರಿಸಬಹುದು, ಆದರೆ ಒಂದು ಲೀಟರಿನ ಪೊಟ್ಟಣ ಮತ್ತು ಒಂದು ಲೋಟದ ಪೊಟ್ಟಣ ಕಲೆತುಹೋಗಬಾರದು. ಲೀಟರಿನ ಪುಡಿಯನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಪತ್ರ ಹೀಗಿರಬಹುದು.

*ವಿಷಯ: ಶನಿವಾರ, ಆಗಸ್ಟ್ 17 – ನೆರೆ ಪರಿಹಾರ – ನಿಮ್ಮ ಪಾಳಿ ಮತ್ತು ಮೇಜು*

*ನಮಸ್ಕಾರ. ಈ ಪತ್ರ ಆಗಸ್ಟ್ 17, 2019ರ ಸಂಜೆ 6 ಗಂಟೆಯವರೆಗೆ ಮಾತ್ರ ಚಾಲ್ತಿಯಲ್ಲಿರುತ್ತದೆ. ಆಮೇಲೆ ಯಾರಿಗೂ ಕಳಿಸಬೇಡಿ.*

*ಮಲಪ್ರಭೆ ದಂಡೆಯ ಒಂದು ಹಳ್ಳಿಯ 56 ಮನೆಗಳಿಗೆ, ಅವರು ಮನೆಗೆ ಮರಳುವ ವಾರಕ್ಕೆಂದು 60 ಕಿಟ್ ಕಟ್ಟುತ್ತಿದ್ದೇವೆ. ನಾಲ್ಕು ಹೆಚ್ಚಿನವು ಪಟ್ಟಿಯಲ್ಲಿ ಬಿಟ್ಟುಹೋದ ಮನೆಗಳಿಗೆ. 60 ತುಂಬಿದ ಕೂಡಲೇ ಸಂಗ್ರಹ ನಿಲ್ಲುತ್ತದೆ.*

*ಬಟ್ಟೆ, ನೀರಿನ ಬಾಟಲಿ, ಔಷಧಿ, ಹಾಲಿನ ಪುಡಿ, ಬ್ರೆಡ್, ಮನೆಯಲ್ಲಿ ಮಾಡಿದ ತಿಂಡಿ ತರಬೇಡಿ, ಪರಿಚಯದವರಿಂದಲೂ ತರಿಸಬೇಡಿ. ಅಕ್ಕಿ, ಹಿಟ್ಟು, ಬೇಳೆ, ರವೆ, ಎಣ್ಣೆ, ಬಕೆಟ್, ತಾಡಪತ್ರಿಗಳನ್ನು ನಾವೇ ಸಗಟು ಅಂಗಡಿಯಲ್ಲಿ ಕೊಳ್ಳುತ್ತೇವೆ. ನಮಗೆ ಇನ್ನೂ ಬೇಕಿರುವುದು: ಹೊಸ ಚಾದರ 70, ಹೊಸ ಟವೆಲ್ 80, ಟಾರ್ಚು 40, ಸ್ಯಾನಿಟರಿ ಪ್ಯಾಡ್ 90 ಪ್ಯಾಕೆಟ್. ಇವನ್ನು ಶುಕ್ರವಾರ ಸಂಜೆಯೊಳಗೆ ತಂದುಕೊಡಿ, ಶನಿವಾರ ಬೇಡ.*

*ಜಾಗ: ಬಡಾವಣೆಯ ಸಮುದಾಯ ಭವನ, ಹಿಂದಿನ ಗೇಟು. ಮುಂದಿನ ಗೇಟು ಲಾರಿಗೆ. ಮೊದಲ ಪಾಳಿ ಬೆಳಿಗ್ಗೆ 8ರಿಂದ 11, ಎರಡನೆಯದು 11ರಿಂದ 2. ನಿಮ್ಮ ಹೆಸರಿನ ಮುಂದೆ ಮೇಜಿನ ಸಂಖ್ಯೆ ಇದೆ. ಬರಲಾಗದಿದ್ದರೆ ಶುಕ್ರವಾರ ರಾತ್ರಿ 9ರೊಳಗೆ ‘ಇಲ್ಲ’ ಎಂದು ಒಂದೇ ಪದ ಬರೆಯಿರಿ, ಕಾರಣ ಬೇಕಿಲ್ಲ. ಬೆನ್ನುನೋವು ಇರುವವರು, ಗರ್ಭಿಣಿಯರು ತಿಳಿಸಿ, ಕುಳಿತು ಮಾಡುವ ಕೆಲಸ ಇದೆ.*

ಇಷ್ಟೇ. ನದಿಯ ರೌದ್ರ, ಮಾನವೀಯತೆಯ ಕರೆ ಇದರಲ್ಲಿಲ್ಲ. ಓದುವವರು ಆಗಲೇ ಬರುತ್ತೇವೆಂದವರು, ಅವರಿಗೆ ಬೇಕಾದ್ದು ಎಷ್ಟು ಹೊತ್ತಿಗೆ, ಎಲ್ಲಿ, ಏನು ಎಂಬುದು. ಚಾಲ್ತಿಯ ಗಡುವನ್ನು ಮೊದಲ ಸಾಲಿನಲ್ಲೇ ಇಟ್ಟದ್ದಕ್ಕೆ ಕಾರಣವಿದೆ. ಇಂಥ ಪತ್ರ ನಕಲಾಗಿ ವಾಟ್ಸ್‌ಆ್ಯಪ್‌ಗೆ ಹಾರುತ್ತದೆ, ಮೂರು ವಾರದ ನಂತರವೂ ಯಾರೋ ಪುಣ್ಯಾತ್ಮರು ಬೀಗ ಹಾಕಿದ ಭವನದ ಮುಂದೆ ಚಾದರದ ಗಂಟಿನೊಂದಿಗೆ ನಿಲ್ಲುತ್ತಾರೆ. ಸ್ವಯಂಸೇವಕರ ವಿಳಾಸಗಳನ್ನೆಲ್ಲ Bcc ಸಾಲಿನಲ್ಲಿ ಹಾಕಬೇಕು. ಇಲ್ಲದಿದ್ದರೆ ನೂರು ಜನರ ವಿಳಾಸ ನೂರು ಜನರ ಕೈಗೆ ಹೋಗುತ್ತದೆ, ಒಬ್ಬರು Reply all ಒತ್ತಿ ‘ನಾನು ಹತ್ತು ನಿಮಿಷ ತಡ’ ಎಂದರೆ ಎಲ್ಲರ ಫೋನೂ ಗುನುಗುತ್ತದೆ.

ಸಂಗ್ರಹ ಕೇಂದ್ರದಲ್ಲಿ ಅತ್ಯಂತ ಕಷ್ಟದ ಕೆಲಸ ಗೇಟಿನದು. ಅಲ್ಲಿ ನಿಲ್ಲುವವರು ಇಲ್ಲ ಅನ್ನಬಲ್ಲವರಾಗಿರಬೇಕು, ಆದರೆ ಮುಖ ಗಂಟಿಕ್ಕಬಾರದು. ಕಾಲೇಜು ಹುಡುಗರನ್ನು ನಿಲ್ಲಿಸಿದರೆ ಹಿರಿಯರ ಮುಂದೆ ಮೆತ್ತಗಾಗಿ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತಾರೆ. ನಿವೃತ್ತ ಶಿಕ್ಷಕಿಯೊಬ್ಬರು ಈ ಕೆಲಸಕ್ಕೆ ಸರಿ. ‘ತುಂಬಾ ಒಳ್ಳೇದಾಯ್ತು ಬಂದಿದ್ದು ಸಾರ್. ಆದ್ರೆ ಬಟ್ಟೆ ಅವ್ರು ಬೇಡ ಅಂದಿದ್ದಾರೆ. ಇದೇ ರಸ್ತೆ ಅಂಗಡೀಲಿ ಟಾರ್ಚ್ ಸಿಗತ್ತೆ, ಎರಡು ತಂದ್ಕೊಡ್ತೀರಾ?’ ಬೇಡ ಅಂದ ಕೂಡಲೇ ಕೈಗೊಂದು ಕೆಲಸ ಕೊಟ್ಟರೆ ಬಂದವರು ಮುನಿಸಿಕೊಂಡು ಹೋಗುವುದಿಲ್ಲ. ಗೇಟಿನ ಪಕ್ಕದಲ್ಲೇ ರಿಜಿಸ್ಟರು. ವಸ್ತು, ಎಣಿಕೆ, ತಂದವರ ಹೆಸರು, ಇಷ್ಟು ಕಾಲಂ ಸಾಕು. ನಗದನ್ನು ಮೇಜಿನ ಮೇಲೆ ತೆಗೆದುಕೊಳ್ಳಬಾರದು, ತಂಡದ ಖಾತೆಗೆ ಹಾಕಲು ಹೇಳಬೇಕು. ಹೊರದೇಶದ ನೆಂಟರಿಂದ ಹಣ ಬರುವಂತಿದ್ದರೆ ಮೊದಲು ಅವರ ಪೌರತ್ವ ಕೇಳಬೇಕಾಗುತ್ತದೆ. ಭಾರತೀಯ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರರಾದವರ ಹಣವನ್ನು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಸಂಸ್ಥೆ ಪಡೆಯುವಂತಿಲ್ಲ.

ಒಳಗೆ ಪರೀಕ್ಷೆಯ ಮೇಜು. ಅವಧಿ ಮುಗಿಯಲು ಎರಡು ತಿಂಗಳಾದರೂ ಇರಬೇಕು, ಸೀಲು ಒಡೆದಿರಬಾರದು, ಟಾರ್ಚು ಉರಿಯಬೇಕು. ಶೆಲ್ ಹಾಕುವ ಟಾರ್ಚಾದರೆ ಪರೀಕ್ಷಿಸಿದ ಮೇಲೆ ಶೆಲ್ ತೆಗೆದು ಜೊತೆಗೇ ಅಂಟಿಸಬೇಕು. ಇಲ್ಲದಿದ್ದರೆ ಲಾರಿಯ ಕುಲುಕಾಟದಲ್ಲಿ ಗುಂಡಿ ಒತ್ತಿಹೋಗಿ ರಾತ್ರಿಯೆಲ್ಲ ಉರಿದು ಖಾಲಿಯಾಗುತ್ತದೆ.

ಫಿನಾಯಿಲ್, ಬ್ಲೀಚಿಂಗ್ ಪೌಡರ್ ಈ ಕೋಣೆಗೇ ಬರಕೂಡದು. ಅವುಗಳಿಗೆ ಭವನದ ಇನ್ನೊಂದು ಮೂಲೆ ಬೇಕು, ಲಾರಿಯಲ್ಲೂ ತುದಿಯ ಜಾಗ. ಒಂದು ಫಿನಾಯಿಲ್ ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಸಾಕು, ಸುತ್ತಲಿನ ಹಿಟ್ಟಿಗೆಲ್ಲ ವಾಸನೆ ಹಿಡಿಯುತ್ತದೆ. ತೊಳೆದು ತೆಗೆಯಲು ಅದು ಪಾತ್ರೆಯಲ್ಲವಲ್ಲ. ಬ್ಲೀಚಿಂಗ್ ಪೌಡರ್‌ನ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಇದ್ದು ಎರಡೂ ಸೋರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಹಾಗಾಗಿ ಕಟ್ಟಿನಲ್ಲಿ ಆ್ಯಸಿಡ್ಡೇ ಬೇಡ. ಬ್ಲೀಚಿಂಗ್ ಪೌಡರ್‌ಗೆ ಆ್ಯಸಿಡ್ ಬೆರೆಸಬಾರದೆಂದು ಕಟ್ಟಿನ ಮೇಲೆ ದಪ್ಪಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಬೇಕು.

ಕಟ್ಟುವ ಸಾಲಿನಲ್ಲಿ ಸಾಮಾನ್ಯವಾಗಿ ತಪ್ಪಿಹೋಗುವುದು ಸಣ್ಣ ವಸ್ತು. ಹತ್ತು ಕಿಲೋ ಅಕ್ಕಿ ಹಾಕಲು ಯಾರೂ ಮರೆಯುವುದಿಲ್ಲ, ಅರಿಶಿನ ಮರೆಯುತ್ತಾರೆ. ಕೊನೆಗೆ ತೂಕ ಹಾಕಿ ಕಂಡುಹಿಡಿಯೋಣವೆಂದರೆ ಅಕ್ಕಿ, ಹಿಟ್ಟಿನ ಚೀಲಗಳ ತೂಕವೇ ಐವತ್ತು, ನೂರು ಗ್ರಾಂ ಹಿಂದೆಮುಂದೆ ಇರುತ್ತದೆ, ಅರಿಶಿನದ ನೂರು ಗ್ರಾಂ ಅದರಲ್ಲಿ ಕಳೆದುಹೋಗುತ್ತದೆ. ತಕ್ಕಡಿ ಹಿಡಿಯುವುದು ಒಂದು ಕಿಲೋ ಬೇಳೆಯೋ ಬೆಲ್ಲವೋ ತಪ್ಪಿದ್ದನ್ನು ಮಾತ್ರ. ಸಣ್ಣವಕ್ಕೆ ಉಪಾಯ ಬೇರೆ. ಹಿಂದಿನ ದಿನವೇ ಕುಳಿತು ಮಾಡುವ ಮೇಜಿನಲ್ಲಿ ಖಾರದ ಪುಡಿ, ಅರಿಶಿನ, ಚಹಾಪುಡಿ ಒಟ್ಟಿಗೆ ಹಾಕಿ ಸರಿಯಾಗಿ ಅರವತ್ತು ಒಳಕಟ್ಟು ಮಾಡಿಡುವುದು. ಶನಿವಾರ ಚೀಲಕ್ಕೆ ಬೀಳುವುದು ಆ ಒಂದು ಕಟ್ಟು. ಅರವತ್ತು ಚೀಲ ಹೊಲಿದಾದ ಮೇಲೆ ಮೇಜಿನ ಮೇಲೆ ಒಂದು ಒಳಕಟ್ಟು ಉಳಿದಿದ್ದರೆ ಯಾವುದೋ ಒಂದು ಚೀಲಕ್ಕೆ ಬಿದ್ದಿಲ್ಲ ಎಂದರ್ಥ. ಹತ್ತತ್ತು ಚೀಲಕ್ಕೊಮ್ಮೆ ನಿಲ್ಲಿಸಿ ಎಣಿಸಿದರೆ ಹುಡುಕಬೇಕಾದ್ದು ಹತ್ತರಲ್ಲಿ ಮಾತ್ರ. ಇಲ್ಲವಾದರೆ ಅರವತ್ತನ್ನೂ ಬಿಚ್ಚಬೇಕು. ಅಕ್ಕಿಯನ್ನು ದೊಡ್ಡ ಮೂಟೆಯಿಂದ ಅಳೆದು ತುಂಬುವ ಉತ್ಸಾಹವೂ ಬೇಡ. ಹತ್ತು ಕಿಲೋದ ಚೀಲ ಕೊಂಡರೆ ಕಿಲೋಗೆ ಒಂದೆರಡು ರೂಪಾಯಿ ಹೆಚ್ಚಾದೀತು, ಅರ್ಧ ದಿನ ಉಳಿಯುತ್ತದೆ.

ಲಾರಿ ತುಂಬುವಾಗ ಅಕ್ಕಿ ಚೀಲ ಕೆಳಗೆ, ಬಕೆಟ್ಟು ಮೇಲೆ. ತಳಕ್ಕೆ ಹಲಗೆಯೋ ದಪ್ಪ ತಾಡಪತ್ರಿಯೋ ಇರಬೇಕು, ಯಾಕೆಂದರೆ ಮಳೆನೀರು ಮೇಲಿನಿಂದ ಬರುವುದಕ್ಕಿಂತ ಹಿಂಬಾಗಿಲ ಸಂದಿಯಿಂದ ಒಳಗೆ ಹರಿಯುವುದೇ ಹೆಚ್ಚು. ಚಾಲಕರ ಜೊತೆ ಒಬ್ಬರು ಹೋಗಬೇಕು. ಅವರ ಕೈಯಲ್ಲಿ ಸಾಮಾನಿನ ಪಟ್ಟಿಯ ಎರಡು ಪ್ರತಿ, ಮನೆಗಳ ಪಟ್ಟಿ, ಊರಲ್ಲಿ ಇಳಿಸಿಕೊಳ್ಳುವವರ ಫೋನ್ ಸಂಖ್ಯೆ. ಹಂಚಿಕೆ ಲಾರಿಯ ಹಿಂಬಾಗಿಲಿನಿಂದ ಬೇಡ. ಶಾಲೆಯ ಜಗಲಿಯಲ್ಲಿ ಇಳಿಸಿ, ಹಿಂದಿನ ಸಂಜೆಯೇ ಮನೆಗೊಂದರಂತೆ ಕೊಟ್ಟಿರುವ ಚೀಟಿ ನೋಡಿ ಕೊಡುವುದು. ಚೀಟಿ ಮನೆಯ ಹೆಣ್ಣುಮಗಳ ಹೆಸರಿನಲ್ಲಿದ್ದರೆ ಸಾಮಾನು ನೇರ ಒಲೆಯವರೆಗೆ ಹೋಗುತ್ತದೆ. ಸಹಿ ಅಥವಾ ಹೆಬ್ಬೆಟ್ಟು ಸಾಕು, ಚೀಲ ಹಿಡಿದು ನಿಲ್ಲಿಸಿ ಫೋಟೊ ತೆಗೆಯುವುದು ಬೇಡ. ದಾನಿಗಳಿಗೆ ಲೆಕ್ಕ ತೋರಿಸಲು ಇಳಿಸಿದ ಸಾಮಾನಿನ ಫೋಟೊ, ಪಟ್ಟಿಯ ಸಹಿ ಪುಟ ಇದ್ದರೆ ಆಯಿತು.

ಅರವತ್ತು ತುಂಬಿದ ಗಳಿಗೆಯಲ್ಲೇ ಎರಡನೆಯ ಪತ್ರ ಹೋಗಬೇಕು. ವಿಷಯದ ಸಾಲಿನಲ್ಲೇ ‘ಸಂಗ್ರಹ ನಿಂತಿದೆ’ ಎಂದಿರಲಿ, ಮೊದಲ ಪತ್ರ ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ಇದನ್ನೂ ಮುಟ್ಟಿಸಲು ಕೇಳಿಕೊಳ್ಳಿ. ಮೂರನೆಯದು ಲಾರಿ ಮರಳಿದ ಮೇಲೆ, ಹತ್ತು ಸಾಲಿನದು: ಎಷ್ಟು ಹಣ ಬಂತು, ಏನು ಕೊಂಡೆವು, 56 ಮನೆಗಳಿಗೆ 56 ಮುಟ್ಟಿತೇ, ಉಳಿದ ನಾಲ್ಕು ಯಾರಿಗೆ ಹೋಯಿತು, ಹೆಚ್ಚಾದ ಟವೆಲ್ಲುಗಳನ್ನು ಯಾವ ಹಾಸ್ಟೆಲ್‌ಗೆ ಕೊಟ್ಟೆವು. ದನಗಳಿಗೆ ಮೇವಿಲ್ಲ ಎಂದು ಊರಿನವರು ಹೇಳಿ ಕಳಿಸಿದ್ದರೆ ಅದನ್ನೂ ಇದರಲ್ಲಿ ಬರೆಯಬೇಕು. ಮೇವನ್ನು ಬೆಂಗಳೂರಿನಿಂದ ಒಯ್ಯಲಾಗದು. ನೀರು ಮುಟ್ಟದ ಪಕ್ಕದ ತಾಲೂಕಿನಲ್ಲಿ ಕಣಿಕೆ ಕೊಳ್ಳಲು ಉಳಿದ ಹಣ ಕಳಿಸಬಹುದೇ ಎಂದು ಹಣ ಕೊಟ್ಟವರನ್ನು ಅದೇ ಪತ್ರದಲ್ಲಿ ಕೇಳಬಹುದು.